ಕೊಟೇಷನ್ ಒಪ್ಪದಿದ್ದಾಗ ಅದನ್ನು ತಿಳಿಸುವ ಬಗೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಆಡಿದ ಮಾತು)



ಸಂಘದ ಕೆಲಸಕ್ಕೆ ಮೂರು ಕೊಟೇಷನ್ ತರಿಸುತ್ತೇವೆ, ಒಂದನ್ನು ಒಪ್ಪುತ್ತೇವೆ. ಒಪ್ಪಿದವರಿಗೆ ವರ್ಕ್ ಆರ್ಡರ್ ಹೋಗುತ್ತದೆ. ಉಳಿದ ಇಬ್ಬರ ಕಾಗದ ಫೈಲಿನಲ್ಲಿ ಹೋಗಿ ಕೂರುತ್ತದೆ. ಆ ಇಬ್ಬರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ನಮ್ಮ ಗೋಡೌನಿನ ಮಾಡಿನ ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇವೆ.

ಗೊಬ್ಬರದ ಗೋಡೌನಿನ ಹಳೇ ಸಿಮೆಂಟ್ ಶೀಟು ಇಳಿಸಿ ಹೊಸ ಕಬ್ಬಿಣದ ಕಲರ್ ಶೀಟು ಹಾಕಿಸಲು ಸರ್ವಸದಸ್ಯರ ಸಭೆ 4,60,000 ರೂಪಾಯಿಗೆ ಮಂಜೂರಾತಿ ಕೊಟ್ಟಿತ್ತು. ಮೂರು ಕಡೆಯಿಂದ ಕೊಟೇಷನ್ ಬಂತು. ಮೊದಲನೆಯದು ನಮ್ಮ ಹೋಬಳಿಯ ವೆಲ್ಡಿಂಗ್ ಶಾಪಿನವರದು. 4,86,000 ರೂಪಾಯಿ, ಜಿ.ಎಸ್.ಟಿ. ಸೇರಿ, ಹಳೇ ಶೀಟು ಇಳಿಸುವುದೂ ಸೇರಿ. ಎರಡನೆಯದು ತಾಲ್ಲೂಕು ಕೇಂದ್ರದವರದು, 3,75,000. ಮೂರನೆಯವರು ಇನ್ನೂ ಕಡಿಮೆ ಬರೆದಿದ್ದರು, ಆದರೆ ಶೀಟಿನ ದಪ್ಪವನ್ನೇ ನಮೂದಿಸಿರಲಿಲ್ಲ. ಪತ್ರ ಬರೆದು ಕೇಳಿದೆವು, ಕೊಟ್ಟ ದಿನಾಂಕದೊಳಗೆ ಉತ್ತರ ಬರಲಿಲ್ಲ. ದಪ್ಪ ಗೊತ್ತಿಲ್ಲದ ಶೀಟಿನ ರೇಟನ್ನು ಬೇರೆಯದರ ಜೊತೆ ತೂಗಲು ಬರುವುದಿಲ್ಲ, ಆದ್ದರಿಂದ ಅದನ್ನು ಬದಿಗಿಟ್ಟೆವು.

ಉಳಿದ ಎರಡನ್ನು ನೋಡಿದರೆ 1,11,000 ರೂಪಾಯಿ ವ್ಯತ್ಯಾಸ. ಕೆಲವು ಸದಸ್ಯರು "ಹೋಬಳಿಯವನು ಸುಲಿಗೆ ಮಾಡ್ತಾನಲ್ಲಪ್ಪ" ಅಂದರು. ಆದರೆ ಎರಡನೆಯ ಕಾಗದದ ಕೆಳಗೆ "ತೆರಿಗೆ ಪ್ರತ್ಯೇಕ" ಎಂದಿತ್ತು. ಶೇಕಡ 18ರಂತೆ ಜಿ.ಎಸ್.ಟಿ. 67,500 ಸೇರಿಸಿದರೆ 4,42,500 ಆಯಿತು. ಹಳೇ ಶೀಟು ಇಳಿಸುವ ಕೆಲಸ ಅದರಲ್ಲಿರಲಿಲ್ಲ, ವಿಚಾರಿಸಿದಾಗ ತೆರಿಗೆ ಸೇರಿ 12,000 ಎಂದು ಬರೆದುಕೊಟ್ಟರು. ಒಟ್ಟು 4,54,500. ಅಂದರೆ ನಿಜವಾದ ವ್ಯತ್ಯಾಸ 31,500 ಮಾತ್ರ. ಹೋಬಳಿಯವರು ಸುಲಿಗೆ ಮಾಡಿರಲಿಲ್ಲ, ಅವರ ಲೆಕ್ಕ ನೇರವಾಗಿತ್ತು. ಆದರೂ ಮಂಜೂರಾದ ಹಣಕ್ಕಿಂತ 26,000 ಮೇಲೆ ಹೋಗಿತ್ತು. ಕೆಲಸ ತಾಲ್ಲೂಕು ಕೇಂದ್ರದವರಿಗೆ ಎಂದು ಸಭೆ ನಿರ್ಣಯ ಮಾಡಿತು. ಈ ಲೆಕ್ಕ ಮಾಡದೆ ಇದ್ದಿದ್ದರೆ ಆ ಮನುಷ್ಯರಿಗೆ ತಪ್ಪು ಕಾರಣ ಹೇಳಿ ಕಳಿಸುತ್ತಿದ್ದೆವು. ಬೇಡ ಅನ್ನುವುದಕ್ಕೆ ಮೊದಲು ಯಾಕೆ ಬೇಡ ಎಂಬುದು ನಮಗೇ ಸರಿಯಾಗಿ ಗೊತ್ತಿರಬೇಕು.

ಆಗ ಇಬ್ಬರು ನಿರ್ದೇಶಕರು, "ಹೋಬಳಿಯವರನ್ನು ಕರೆದು ಇಷ್ಟಕ್ಕೆ ಬಂದಿದೆ, ನೀನು ಇಳಿಸ್ತೀಯಾ ಅಂತ ಕೇಳೋಣ" ಎಂದರು. ಕೇಳಿದ್ದರೆ ಇಳಿಸುತ್ತಿದ್ದರೋ ಏನೋ. ಆದರೆ ಒಬ್ಬರ ರೇಟನ್ನು ಇನ್ನೊಬ್ಬರಿಗೆ ತೋರಿಸಿ ಇಳಿಸುವುದು ಒಂದು ಸಲ ನಡೆಯುತ್ತದೆ. ಮುಂದಿನ ಸಲ ಎಲ್ಲರೂ, ಹೇಗಿದ್ದರೂ ಚೌಕಾಸಿ ಮಾಡುತ್ತಾರೆ ಎಂದು ಹತ್ತು ಹದಿನೈದು ಸಾವಿರ ಏರಿಸಿಯೇ ಬರೆಯುತ್ತಾರೆ. ಪ್ರಾಮಾಣಿಕವಾಗಿ ಕಡಿಮೆ ಬರೆದವರು ಮತ್ತೆ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಆ ದಾರಿ ಬೇಡವೆಂದೆವು.

ಈಗ ಹೋಬಳಿಯವರ ಮಾತಿಗೆ ಬರೋಣ. ಸಂಘದಿಂದ ಅವರ ಅಂಗಡಿ 6 ಕಿಲೋಮೀಟರ್. ಷಟರ್ ಸಿಕ್ಕಿಹಾಕಿಕೊಂಡರೆ, ಗಾಳಿಗೆ ಶೀಟು ಎದ್ದರೆ, ಮಳೆಯಲ್ಲೂ ಬಂದು ನಿಲ್ಲುವವರು ಅವರೇ. ಒಳಗೆ ಗೊಬ್ಬರ ನೆನೆಯುತ್ತಿರುವಾಗ ತಾಲ್ಲೂಕಿನಿಂದ ಯಾರು ಬರುತ್ತಾರೆ? ಅವರನ್ನು ಕಳೆದುಕೊಂಡರೆ ನಷ್ಟ ಸಂಘಕ್ಕೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಂಥ ಹೊತ್ತಿನಲ್ಲಿ ನೆನಪಿರಬೇಕು.

ಮೊದಲನೆಯದು ಹೊತ್ತು. ಅವರ ಕೊಟೇಷನ್ನಿನ ವಾಯಿದೆ 30 ದಿನ. ಅಷ್ಟು ದಿನ ಅವರು ನಮಗಾಗಿ ಕೆಲಸದಾಳುಗಳನ್ನು ಹಿಡಿದಿಟ್ಟುಕೊಂಡಿರಬಹುದು, ಬೇರೆ ಕೆಲಸ ಬಿಟ್ಟಿರಬಹುದು. ಹಾಗೆಂದು ಸಭೆ ಮುಗಿದ ರಾತ್ರಿಯೇ ಹೇಳುವುದೂ ಸರಿಯಲ್ಲ. ಆಯ್ಕೆಯಾದವರು ಹಿಂದೆ ಸರಿದರೆ ನಾವು ಇವರ ಹತ್ತಿರವೇ ಹೋಗಬೇಕಾಗುತ್ತದೆ. ಆದ್ದರಿಂದ "ತೀರ್ಮಾನ ಇನ್ನೂ ಬಾಕಿ ಇದೆ, ನಮಗಾಗಿ ಸಾಮಾನು ಕೊಳ್ಳಬೇಡಿ" ಎಂದು ಮಾತ್ರ ಕಾರ್ಯದರ್ಶಿಗಳಿಂದ ಹೇಳಿಸಿದೆವು. ಮೂರನೇ ದಿನ ತಾಲ್ಲೂಕಿನವರು ವರ್ಕ್ ಆರ್ಡರಿಗೆ ಒಪ್ಪಿ ಸಹಿ ಹಾಕಿದರು. ಅದೇ ದಿನ ಇವರಿಗೆ ಪತ್ರ ಬರೆದು, 5,000 ರೂಪಾಯಿ ಠೇವಣಿಯ ಚೆಕ್ಕಿನ ಜೊತೆ ಕಳಿಸಿ ಸ್ವೀಕೃತಿ ಪಡೆದೆವು. ಠೇವಣಿ ಹಿಡಿದಿಟ್ಟುಕೊಂಡು ಒಳ್ಳೆ ಮಾತಾಡಿದರೆ ಯಾರೂ ನಂಬುವುದಿಲ್ಲ.

ಪತ್ರ ಹೀಗಿತ್ತು:

"ಮಾನ್ಯರೇ, ಗೋಡೌನ್ ಮಾಡಿನ ಕೆಲಸಕ್ಕೆ ತಾವು ಸ್ಥಳಕ್ಕೆ ಬಂದು ಅಳತೆ ಮಾಡಿ ಕೊಟ್ಟ ದರಪಟ್ಟಿಯನ್ನು ಆಡಳಿತ ಮಂಡಳಿ ಪರಿಶೀಲಿಸಿತು. ತೆರಿಗೆ ಮತ್ತು ಎಲ್ಲ ಕೆಲಸ ಸೇರಿಸಿ ನೋಡಿದಾಗ ತಮ್ಮ ಮೊತ್ತ ಸಭೆ ಮಂಜೂರು ಮಾಡಿದ ಹಣಕ್ಕಿಂತ ಹೆಚ್ಚಾಗಿದ್ದು, ಇನ್ನೊಂದು ದರಪಟ್ಟಿ ಅದರೊಳಗೆ ಬಂದಿರುವುದರಿಂದ ಈ ಕೆಲಸವನ್ನು ತಮಗೆ ವಹಿಸಲಾಗಲಿಲ್ಲ. ತಮ್ಮ ಕೆಲಸದ ಗುಣಮಟ್ಟದ ಬಗ್ಗೆ ಯಾವ ಆಕ್ಷೇಪಣೆಯೂ ಇಲ್ಲ. ತಮ್ಮ ಠೇವಣಿ ಹಿಂತಿರುಗಿಸಿದೆ. ಗೊಬ್ಬರದ ಅಂಗಡಿಯ ಷಟರ್ ಬದಲಾಯಿಸುವ ಕೆಲಸಕ್ಕೆ ಸಂಘ ದರಪಟ್ಟಿ ಕರೆದಾಗ ತಮಗೂ ಪತ್ರ ಕಳಿಸುತ್ತೇವೆ."

ಇದರಲ್ಲಿ ಮೂರು ಸಂಗತಿ ಗಮನಿಸಿ. ಕಾರಣ ಒಂದೇ, ಅದೂ ನಿಜವಾದದ್ದು. "ನಿಮ್ಮ ರೇಟು ಜಾಸ್ತಿ" ಎಂದು ಬರೆಯಲಿಲ್ಲ, ನಮ್ಮ ಹಣ ಇಷ್ಟೇ ಎಂದೆವು. ಮೊದಲ ಮಾತು ಅವರಿಗೆ ಚುಚ್ಚುತ್ತದೆ, ಎರಡನೆಯದು ಅವರಿಗೆ ಅರ್ಥವಾಗುತ್ತದೆ. ಇನ್ನು "ಮುಂದೆ ನೋಡೋಣ" ಎಂಬ ಬಾಯಿಮಾತಿನ ಬದಲು ಮುಂದಿರುವ ಕೆಲಸದ ಹೆಸರನ್ನೇ ಹೇಳಿದೆವು. ಆದರೆ ಆ ಕೆಲಸ ಅವರಿಗೇ ಎಂದು ಹೇಳಲಿಲ್ಲ. ಹಾಗೆ ಮಾತು ಕೊಡುವ ಅಧಿಕಾರ ಒಬ್ಬ ನಿರ್ದೇಶಕನಿಗಿಲ್ಲ, ಅದು ಸಭೆಯ ನಿರ್ಣಯದಿಂದಲೇ ಆಗಬೇಕು. ಕೊಟೇಷನ್ ಕೇಳುತ್ತೇವೆ ಎಂಬ ಭರವಸೆ ಅಷ್ಟೇ ನಮ್ಮ ಕೈಲಿರುವುದು.

ಪತ್ರ ತಲುಪಿದ ಮೇಲೆ ಅವರೇ ಆಫೀಸಿಗೆ ಬಂದರು. "ಅವರು ಎಷ್ಟಕ್ಕೆ ಹಾಕಿದ್ದರು ಸ್ವಾಮಿ?" ಎಂದು ಕೇಳಿದರು. ಒಪ್ಪಿದ ಒಟ್ಟು ಮೊತ್ತ ಸರ್ವಸದಸ್ಯರ ಸಭೆಯಲ್ಲಿ ಓದುವಂಥದ್ದು, ಗುಟ್ಟಲ್ಲ, ಅದನ್ನು ಹೇಳಿದೆವು. ಕೆ.ಜಿ.ಗೆ ಎಷ್ಟು, ಅಡಿಗೆ ಎಷ್ಟು ಎಂಬ ವಿವರ ಕೊಡಲಿಲ್ಲ. "ನಾಳೆ ನಿಮ್ಮ ವಿವರವನ್ನೂ ಬೇರೆಯವರಿಗೆ ಕೊಡುವುದಿಲ್ಲ ಅಣ್ಣ" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಬಿಡಿ" ಎಂದು ಕಾಫಿ ಕುಡಿದು ಹೋದರು. ಮನಸ್ಸಿಗೆ ಬೇಸರವಾಗಿರಲಿಲ್ಲ ಎಂದು ಹೇಳಲಾರೆವು. ಆದರೆ ಎರಡು ತಿಂಗಳಾದ ಮೇಲೆ ಷಟರ್ ಕೆಲಸಕ್ಕೆ ಪತ್ರ ಹೋದಾಗ ವಾರದೊಳಗೆ ಕೊಟೇಷನ್ ಕೊಟ್ಟರು. ಕಡಿಮೆ ದರ ಅವರದೇ ಆಗಿತ್ತು, ಕೆಲಸ ಅವರಿಗೇ ಸಿಕ್ಕಿತು.

ಮೂರನೆಯವರಿಗೂ ಪತ್ರ ಬರೆದು ಠೇವಣಿ ಕಳಿಸಿದೆವು. ಶೀಟಿನ ದಪ್ಪ, ಕಬ್ಬಿಣದ ತೂಕ ಮತ್ತು ತೆರಿಗೆ ನಮೂದಿಸಿದರೆ ಮುಂದಿನ ಸಲ ಪರಿಶೀಲಿಸುತ್ತೇವೆ ಎಂದು ತಿಳಿಸಿದೆವು.

ಆದರೆ ಎಲ್ಲರಿಗೂ ಇಂಥ ಪತ್ರ ಬರೆಯಲಾಗದು. ಹಿಂದೆ ಮುಂಗಡ ತಗೊಂಡು ಕೆಲಸ ಅರ್ಧಕ್ಕೆ ಬಿಟ್ಟವರಿಗೆ, ಬರೆದದ್ದೊಂದು ಹಾಕಿದ್ದೊಂದು ಮಾಡಿದವರಿಗೆ "ಮುಂದೆ ಕರೆಯುತ್ತೇವೆ" ಎಂದರೆ ಅದು ಸುಳ್ಳು. ಅವರಿಗೆ ಒಪ್ಪಲಾಗಲಿಲ್ಲ ಎಂಬ ಒಂದೇ ಸಾಲು ಸಾಕು. ಕರೆಯುತ್ತೇವೆಂದು ಬರೆದವರನ್ನು ಮಾತ್ರ ಮರೆಯದೆ ಕರೆಯಬೇಕು. ಅದಕ್ಕೇ ಪ್ರತಿ ಪತ್ರದ ನಕಲು ಫೈಲಿನಲ್ಲಿಟ್ಟು, ಹೆಸರು ಮತ್ತು ಮುಂದಿನ ಕೆಲಸವನ್ನು ಕೊಟೇಷನ್ ರಿಜಿಸ್ಟರಿನಲ್ಲಿ ಬರೆಸಿದ್ದೇವೆ. ನಾಳೆ ನಮ್ಮ ಜಾಗಕ್ಕೆ ಬರುವ ನಿರ್ದೇಶಕರಿಗೂ ಅದು ಕಾಣಬೇಕು.

ರಿಜಿಸ್ಟರು ಆಫೀಸಿನಲ್ಲಿದೆ, ಯಾವ ಸದಸ್ಯರಾದರೂ ಬಂದು ನೋಡಬಹುದು.