‘ಬೇಡ’ ಎಂದವರ ಲೆಕ್ಕವನ್ನೂ ಬರೆಯೋಣ



ಇಲ್ಲೇ ಟೂಟಿಂಗ್‌ನಲ್ಲಿ ಮನೆಮನೆಗೆ ಹೋಗಿ ಬ್ರಾಡ್‌ಬ್ಯಾಂಡ್ ಮಾರುವ ಕಮಿಷನ್ ಕೆಲಸಕ್ಕೆ ಸೇರಿದ ನಮ್ಮೂರಿನ ಹುಡುಗನೊಬ್ಬ ನಾಲ್ಕನೇ ದಿನವೇ ‘ನನ್ನಿಂದ ಆಗಲ್ಲ’ ಎಂದು ನಮ್ಮ ಮುಂದೆ ಬಂದು ಕೂತ. ಲೆಕ್ಕ ಬರೆಯುವ ನಾವು ಕೊಟ್ಟದ್ದು ಒಂದು ಸಣ್ಣ ನೋಟ್‌ಬುಕ್ ಮಾತ್ರ.

ದಿನಕ್ಕೆ 60 ಬಾಗಿಲು ತಟ್ಟುವುದೇ ಗುರಿ, ಮಾರಾಟವಲ್ಲ. ಸತತ ಹತ್ತು ಮಂದಿ ‘ಬೇಡ’ ಎಂದರೆ ಐದು ನಿಮಿಷ ನಡೆದು ಬರಬೇಕು. ಐದು ದಿನದಲ್ಲಿ ಅವನು ತಟ್ಟಿದ್ದು 300, ತೆರೆದದ್ದು 90, ಪೂರ್ತಿ ಕೇಳಿದವರು 20, ಸಹಿ ಹಾಕಿದವರು 4. ಸಹಿಗೆ 45 ಪೌಂಡಿನಂತೆ 180. ಅಂದರೆ ತಟ್ಟಿದ ಒಂದೊಂದು ಬಾಗಿಲಿಗೂ 60 ಪೆನ್ಸ್, ಮುಚ್ಚಿದ್ದಕ್ಕೂ ಸೇರಿ!

ತೆರೆಯದ 210 ಬಾಗಿಲು ಅವನನ್ನು ತಿರಸ್ಕರಿಸಿದ್ದಲ್ಲ. ಹೋದ ಹೊತ್ತು ಸರಿಯಿರಲಿಲ್ಲ. ಈಗ ಸಂಜೆ ಹೋಗುತ್ತಾನೆ. ಪೂರ್ತಿ ಕೇಳಿ ಬೇಡವೆಂದ 16 ಮಂದಿಯ ಕಾರಣವನ್ನು ಮಾತ್ರ ರಾತ್ರಿ ಬರೆದ. ಹೆಚ್ಚಿನವರ ಹಳೆಯ ಕಾಂಟ್ರ್ಯಾಕ್ಟ್ ಮುಗಿದಿರಲಿಲ್ಲ. ಈಗ ಮೊದಲು ಅದನ್ನೇ ಕೇಳುತ್ತಾನೆ.

ಒಂದು ಎಚ್ಚರ. ಮನೆಬಾಗಿಲಲ್ಲಿ ಸಹಿ ಹಾಕಿದವರಿಗೆ ಇಲ್ಲಿನ ಕಾನೂನಿನಂತೆ ಸಾಮಾನ್ಯವಾಗಿ 14 ದಿನದೊಳಗೆ ರದ್ದು ಮಾಡುವ ಹಕ್ಕಿದೆ. ರದ್ದಾದರೆ ಕಮಿಷನ್ ವಾಪಸ್ ಹೋಗಬಹುದು. ಆ ದಿನಗಳು ಕಳೆಯುವ ತನಕ ಊರಿಗೆ ‘ಇಷ್ಟು ಕಳಿಸ್ತೇನೆ’ ಅನ್ನಬೇಡಿ.

ನಾಲ್ಕು ವಾರ ಹೀಗೆ ಬರೆದ ಮೇಲೂ ಬಸ್ಸು, ಊಟದ ಖರ್ಚು ಕಳೆದು ಏನೂ ಉಳಿಯದಿದ್ದರೆ ಕೆಲಸ ಬಿಡಿ. ಅದು ಸೋಲಲ್ಲ, ಲೆಕ್ಕ.