ಮಾರುಕಟ್ಟೆಯ ನೆಲಕ್ಕೆ ವಾಟ ಎಷ್ಟು?

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಅಳಲು ಮತ್ತೆ ಮತ್ತೆ ಕಾಣಿಸುತ್ತದೆ. ಊರಿನ ತರಕಾರಿ ಮಾರುಕಟ್ಟೆಗೆ ಹೊಸ ಕಟ್ಟಡ ಬಂತು, ನೆಲಕ್ಕೆ ಟೈಲ್ಸ್ ಬಂತು, ದಿನಾ ಸಂಜೆ ಪೈಪು ಹಿಡಿದು ತೊಳೆಯುತ್ತಾರೆ. ಆದರೂ ನಾತ ಹೋಗುವುದಿಲ್ಲ, ಸಿಂಗಪುರದಲ್ಲಿ ಮಾತ್ರ ಮಾರುಕಟ್ಟೆ ಹೇಗೆ ಅಷ್ಟು ಚೊಕ್ಕಟ ಎಂದು ಕೇಳುತ್ತಾರೆ. ಉತ್ತರವನ್ನೂ ತಾವೇ ಬರೆದಿರುತ್ತಾರೆ: ಅಲ್ಲಿ ದಂಡ ಹಾಕುತ್ತಾರೆ, ಅದಕ್ಕೇ. ಸ್ವಾಮೀ, ದಂಡಕ್ಕೆ ಹೆದರಿ ನೀರು ತಗ್ಗಿನಿಂದ ಏರಿಗೆ ಹರಿಯುವುದಿಲ್ಲ. ಕಟ್ಟುವಾಗಲೇ ಅದಕ್ಕೊಂದು ದಾರಿ ಮಾಡಿರಬೇಕು.

ಕೆಲಸದ ಮೇಲೆ ಸಿಂಗಪುರದಲ್ಲಿ ಇದ್ದ ಕಾಲದಲ್ಲಿ ನಾನು ತರಕಾರಿಗೆ ಹೋಗುತ್ತಿದ್ದದ್ದು ಟೆಕ್ಕಾ ಸೆಂಟರಿಗೆ. ಲಿಟ್ಲ್ ಇಂಡಿಯಾದಲ್ಲಿ, ಸೆರಂಗೂನ್ ರಸ್ತೆಯೂ ಬುಕಿಟ್ ತಿಮಾ ರಸ್ತೆಯೂ ಸೇರುವ ಮೂಲೆಯಲ್ಲಿದೆ. ಹಳೆಯ ಕಂದಾಂಗ್ ಕರ್ಬಾವ್ ಮಾರುಕಟ್ಟೆ ಈಗಿನ ಕಟ್ಟಡಕ್ಕೆ ಬಂದದ್ದು 1982ರಲ್ಲಿ. ನುಗ್ಗೆಕಾಯಿ, ಬಾಳೆ ಎಲೆ, ಕರಿಬೇವು ಎಲ್ಲ ಸಿಗುತ್ತದೆ. ಮೀನು ಮಾಂಸವೂ ಅದೇ ಸೂರಿನಡಿ. ಅಲ್ಲಿಯೂ ನೆಲ ಒದ್ದೆಯೇ, ಅಲ್ಲಿಯೂ ಸೊಪ್ಪಿನ ಕಂತೆ ಬಿಚ್ಚಿ ಕೊಳೆತ ಎಲೆ ಕಿತ್ತು ಕೆಳಗೆ ಹಾಕುತ್ತಾರೆ. ವ್ಯತ್ಯಾಸ ಇರುವುದು ಆಮೇಲೆ ಆ ಎಲೆಯೂ ನೀರೂ ಹೋಗುವ ಜಾಗದಲ್ಲಿ.

ಸಿಂಗಪುರದಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ. ಮಳೆನೀರು ಜಲಾಶಯಗಳನ್ನು ಸೇರಿ, ಶುದ್ಧಿಯಾಗಿ, ಮನೆಗಳ ನಲ್ಲಿಗೆ ಬರುತ್ತದೆ. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿದ ಮೇಲೆ ನಗರದ ನಡುಮಧ್ಯದ ಮಳೆನೀರೂ ಜಲಾಶಯಕ್ಕೇ ಹೋಗುತ್ತಿದೆ. ಆದ್ದರಿಂದ ಮಾರುಕಟ್ಟೆಯ ಸೂರಿನಡಿ ತೊಳೆದ ನೀರು ಒಳಚರಂಡಿಗೇ ಹೋಗಬೇಕು, ಸೂರಿನ ಮೇಲೆ ಬಿದ್ದ ಮಳೆ ಅದಕ್ಕೆ ಸೇರಬಾರದು. ಇದೊಂದು ನಿಯಮ ಇಡೀ ನಕ್ಷೆಯನ್ನು ತಿದ್ದುತ್ತದೆ. ಸೂರು ಗೋಡೆಯ ಆಚೆಗೆ ಚಾಚಿರಬೇಕು, ಹಜಾರದ ಅಂಚಿನಲ್ಲಿ ಸಣ್ಣ ದಿಬ್ಬ ಇರಬೇಕು, ಒಳಗಿನ ನೀರು ಒಳಮುಖವಾಗಿಯೇ ಹರಿಯಬೇಕು. ನಮ್ಮಲ್ಲಿ ಎರಡನ್ನೂ ಹೊರಗಿನ ಒಂದೇ ಮೋರಿಗೆ ಬಿಡುತ್ತೇವೆ. ಜೋರು ಮಳೆ ಬಂದರೆ ಮೋರಿಯ ನೀರು ಸೊಪ್ಪಿನಂಗಡಿಗೆ ವಾಪಸು ಬರುತ್ತದೆ.

ಈಗ ನೆಲದ ವಾಟಕ್ಕೆ ಬರೋಣ. ನೂರಕ್ಕೆ ಒಂದು ವಾಟ ಎಂದರೆ ನೂರು ಸೆಂಟಿಮೀಟರು ನಡೆದರೆ ನೆಲ ಒಂದು ಸೆಂಟಿಮೀಟರು ಇಳಿಯಬೇಕು. ಎಷ್ಟೋ ಕಡೆ ಇದು ಕಣ್ಣಿಗೆ ಸೊಟ್ಟಗೆ ಕಾಣುತ್ತದೆಂದು ಇನ್ನೂರಕ್ಕೆ ಒಂದು ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಅರವತ್ತು ಸೆಂಟಿಮೀಟರಿನ ಒಂದು ಟೈಲು ನೂರಕ್ಕೆ ಒಂದರಲ್ಲಿ ಆರು ಮಿಲಿಮೀಟರು ಇಳಿಯುತ್ತದೆ, ಇನ್ನೂರಕ್ಕೆ ಒಂದರಲ್ಲಿ ಮೂರೇ ಮಿಲಿಮೀಟರು. ಎಂಥ ಒಳ್ಳೆಯ ಮೇಸ್ತ್ರಿಯ ಕೈಯಲ್ಲೂ ಒಂದು ಟೈಲು ಎರಡು ಮೂರು ಮಿಲಿಮೀಟರು ಆಚೀಚೆ ಆಗುತ್ತದೆ. ಮೊದಲ ನೆಲದಲ್ಲಿ ಆ ತಪ್ಪು ಅರ್ಧ ವಾಟವನ್ನು ತಿನ್ನುತ್ತದೆ, ನೀರು ಹೇಗೋ ಹರಿಯುತ್ತದೆ. ಎರಡನೆಯದರಲ್ಲಿ ಪೂರ್ತಿ ತಿಂದುಬಿಡುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಕೊತ್ತಂಬರಿ ಎಲೆ ಕೊಳೆಯಲು ಒಂದು ರಾತ್ರಿ ಸಾಕು, ನಾತ ಬರುವುದು ಅದರಿಂದಲೇ. ಫಿನಾಯಿಲ್ ಹಾಕಿದರೆ ನಾತದ ಮೇಲೆ ಇನ್ನೊಂದು ನಾತ, ಅಷ್ಟೇ.

ಹಾಗಾದರೆ ಮೂವತ್ತಕ್ಕೆ ಒಂದು ಮಾಡಿಬಿಡೋಣ ಎನ್ನುವವರೂ ಇದ್ದಾರೆ. ಆಗ ತಳ್ಳುಗಾಡಿ ತಾನಾಗಿ ಓಡುತ್ತದೆ, ತಕ್ಕಡಿ ವಾಲುತ್ತದೆ, ವಯಸ್ಸಾದವರು ಜಾರುತ್ತಾರೆ.

ನೆಲದಿಂದ ಇಳಿದ ನೀರನ್ನು ಹಿಡಿಯುವ ಕಾಲುವೆ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ಇನ್ನೊಂದು ನಂಬಿಕೆ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ, ಇವತ್ತೂ ಹೇಳುತ್ತೇನೆ. ಒಂದು ಅಡಿ ಅಗಲ, ಚಪ್ಪಟೆ ತಳ, ನೂರಕ್ಕೆ ಒಂದು ವಾಟದ ಕಾಲುವೆ ಎಂದುಕೊಳ್ಳಿ. ಸೆಕೆಂಡಿಗೆ ಒಂದು ಲೀಟರು ನೀರು ಬಿಟ್ಟರೆ ಅದು ಹರಡಿಕೊಂಡು ಒಂದು ಸೆಂಟಿಮೀಟರು ಮಾತ್ರ ಆಳವಾಗುತ್ತದೆ, ಎಲೆ ತಳಕ್ಕೆ ಅಂಟಿ ಕೂರುತ್ತದೆ. ಅದೇ ನೀರನ್ನು ಹತ್ತು ಸೆಂಟಿಮೀಟರು ಅಗಲದ, ತಳ ದುಂಡಗಿರುವ ಕಾಲುವೆಗೆ ಬಿಡಿ. ಆಳ ಸುಮಾರು ಮೂರು ಸೆಂಟಿಮೀಟರು, ವೇಗ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಎಲೆ ತೇಲಿ ಹೋಗುತ್ತದೆ. ನೀರು ಅಷ್ಟೇ, ವಾಟ ಅಷ್ಟೇ. ಅಗಲವೂ ತಳದ ಆಕಾರವೂ ಮಾತ್ರ ಬೇರೆ. ಅಗಲ ಬೇಕೇ ಬೇಕೆಂದರೆ ಅಗಲ ಕಾಲುವೆಯ ನಡುವೆ ದುಂಡು ತಳದ ಸಣ್ಣ ಹಳ್ಳ ತೆಗೆಸಿ. ಮತ್ತೊಮ್ಮೆ ಹೇಳುತ್ತೇನೆ, ಅಗಲ ಬೇಡ, ದುಂಡು ತಳ ಬೇಕು.

ಉದ್ದದಲ್ಲೂ ಒಂದು ತೊಡಕಿದೆ. ಮೂವತ್ತು ಮೀಟರಿನ ಮಳಿಗೆ ಸಾಲಿಗೆ ಒಂದೇ ಕಾಲುವೆ ಓಡಿಸಿದರೆ ಕೊನೆಯಲ್ಲಿ ಅದು ಶುರುವಿಗಿಂತ ಮೂವತ್ತು ಸೆಂಟಿಮೀಟರು ಆಳವಾಗುತ್ತದೆ. ಜಾಲರಿ ಎತ್ತಿ ಅಷ್ಟು ಆಳಕ್ಕೆ ಪೊರಕೆ ಹಾಕುವವರು ಯಾರು? ಆದ್ದರಿಂದ ಹತ್ತು ಹದಿನೈದು ಮೀಟರಿಗೆ ಒಂದು ನಿರ್ಗಮ, ಅದರ ಬಾಯಿಗೆ ಎತ್ತಿ ತೆಗೆಯುವ ಜಾಲರಿ ಬುಟ್ಟಿ ಕೊಡಿ. ಮುಚ್ಚಿದ ಕಾಲುವೆಯೊಳಗೆ ನೀರು ನಿಂತರೆ ನಾತದ ಜೊತೆ ಸೊಳ್ಳೆಯೂ ಬರುತ್ತದೆ. ಸಿಂಗಪುರದ ಸೆಕೆಯಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಅಲ್ಲಿನ ಪರಿಸರ ಇಲಾಖೆಯವರು ಜಾಲರಿ ಎತ್ತಿಸಿ ನೋಡುವುದು ಇದಕ್ಕೇ.

ಪರೀಕ್ಷೆ ಸುಲಭ. ಟೈಲು ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ, ಸಾಲಿನ ಎತ್ತರದ ತುದಿಯಲ್ಲಿ ಬಿಂದಿಗೆ ನೀರು ಸುರಿಯಿರಿ. ಅರ್ಧ ಗಂಟೆ ಬಿಟ್ಟು ನೀರು ನಿಂತಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನಾಣ್ಯ ಮುಳುಗುವಷ್ಟು ನಿಂತಿದ್ದರೆ ಕಿತ್ತು ಹಾಕಿಸಿ. ನಮ್ಮ ಕಡೆಯ ಒಂದು ಊರಿನಲ್ಲಿ ಮೇಸ್ತ್ರಿ ರಸಮಟ್ಟದ ಗುಳ್ಳೆ ನಡುವೆ ಬರುವಂತೆ ನೆಲವನ್ನು ಒಪ್ಪವಾಗಿ ಮಟ್ಟ ಮಾಡಿದ್ದನ್ನು ಕಂಡೆ. ಅವರನ್ನು ಬಯ್ಯುವುದು ಹೇಗೆ? ನಕ್ಷೆಯಲ್ಲಿ ವಾಟ ತೋರಿಸುವ ಬಾಣದ ಗುರುತೇ ಇರಲಿಲ್ಲ.

ನನ್ನ ಸಮಯವೆಲ್ಲ ಕಾಲುವೆಯಲ್ಲೇ ಹರಿದುಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಲುಗಳಲ್ಲಿ ಈರುಳ್ಳಿ, ಆಲೂಗಡ್ಡೆ ಎತ್ತರದ ತುದಿಗೆ, ಸೊಪ್ಪು ನಡುವೆ, ಮೀನಿದ್ದರೆ ತಗ್ಗಿನ ಕೊನೆಗೆ ಇರಲಿ. ಮೀನಿನ ನೀರು ಸೊಪ್ಪಿನ ಮುಂದೆ ಹಾಯಬಾರದು. ಗಾಳಿಗೆ ಪಕ್ಕದ ಕಿಟಕಿ ಸಾಲದು, ಬಿಸಿ ಗಾಳಿ ಮೇಲಿಂದ ಹೊರಹೋಗಲು ಸೂರಿನ ನೆತ್ತಿಯಲ್ಲಿ ಬಾಯಿ ಬೇಕು. ಸಿಂಗಪುರದಲ್ಲಿ 1894ರಲ್ಲಿ ಎದ್ದ ಎಂಟು ಮೂಲೆಯ ತೆಲೊಕ್ ಆಯರ್ ಮಾರುಕಟ್ಟೆ, ಈಗಿನ ಲಾವ್ ಪಾ ಸಾತ್, ಎರಕದ ಕಬ್ಬಿಣದ ಕಂಬಗಳ ಮೇಲೆ ಎತ್ತರದ ಸೂರು ಹೊತ್ತು ನಿಂತಿದೆ. ಸುತ್ತಲೂ ತೆರೆದ ಆ ಹಜಾರವನ್ನು ನೋಡಿದರೆ ಮಾತು ತಿಳಿಯುತ್ತದೆ. ಗಾಳಿ ಆಡದ ದಿನಕ್ಕೆ ನಿಧಾನ ತಿರುಗುವ ದೊಡ್ಡ ಫ್ಯಾನು ಹಾಕಿಸಿ. ನೆಲ ಬೇಗ ಆರಲು ಅದೂ ಬೇಕು.

ಕಸದ ವಿಷಯ. ಮೊದಲು ಒಣಗಿದ್ದಾಗಲೇ ಗುಡಿಸಿ, ತುಂಬಿ, ಸಾಗಿಸಿ, ನೀರು ಆಮೇಲೆ. ಪೈಪಿನ ನೀರಿನಿಂದಲೇ ಎಲೆ ತಳ್ಳುವುದು ಮಾರುಕಟ್ಟೆಯವರ ಹಳೆಯ ಚಾಳಿ, ಕಾಲುವೆಯನ್ನು ಕೊಲ್ಲುವುದು ಅದೇ. ಪ್ರತಿ ಮಳಿಗೆಯ ಕೆಳಗೆ ಬುಟ್ಟಿ ಇರಲಿ, ಚಕ್ರದ ತೊಟ್ಟಿಗಳಿಗೆ ಗಿರಾಕಿಗಳ ಓಣಿ ಬಿಟ್ಟು ಹಿಂದಿನಿಂದ ದಾರಿ ಇರಲಿ. ಕಸದ ಮನೆ ಹಜಾರದಿಂದ ಬೇರೆಯಾಗಿ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಇರಲಿ. ಅದಕ್ಕೂ ಸೂರು ಬೇಕು, ಒಂದು ನಲ್ಲಿ ಬೇಕು, ನೆಲಕ್ಕೆ ವಾಟ ಬೇಕು, ಆ ನೀರೂ ಒಳಚರಂಡಿಗೇ ಹೋಗಬೇಕು. ಲಾರಿ ಹಿಂದಕ್ಕೆ ಬಂದು ನಿಲ್ಲುವ ಜಾಗ ಅಳೆದು ನೋಡಿ. ಎಷ್ಟೋ ಕಡೆ ಇದನ್ನೇ ಮರೆತು, ತೊಟ್ಟಿಗಳನ್ನು ಮುಂಬಾಗಿಲಿನಿಂದ ಹೊರಗೆ ತರುತ್ತಿದ್ದಾರೆ.