ಫೋಟೊ ನಮ್ಮ ಹತ್ತಿರ, ಮುಖ ಅವರದು



2023ರ ನವೆಂಬರಿನಲ್ಲಿ ಒಂದು ಪುಟ್ಟ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಲಿಫ್ಟಿನೊಳಗೆ ಬರುವ ಹೆಣ್ಣುಮಗಳ ಮುಖ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದು. ಮೈ ಮಾತ್ರ ಬ್ರಿಟನ್ನಿನ ಝಾರಾ ಪಟೇಲ್ ಅವರದು. ಹಿಂದಿನ ತಿಂಗಳಷ್ಟೇ ಝಾರಾ ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದ ವಿಡಿಯೊ ಅದು. ನಿಧಾನವಾಗಿ ಓಡಿಸಿ ನೋಡಿದರೆ, ಆಕೆ ಒಳಗೆ ಬರುವ ಮೊದಲ ಕ್ಷಣದಲ್ಲಿ ಝಾರಾ ಮುಖವೇ ಇದೆ, ಮರುಕ್ಷಣ ತಟಕ್ಕನೆ ರಶ್ಮಿಕಾ ಆಗುತ್ತದೆ.

2024ರ ಜನವರಿಯಲ್ಲಿ ದೆಹಲಿ ಪೊಲೀಸರು ಗುಂಟೂರಿನ ಯುವಕನೊಬ್ಬನನ್ನು ಹಿಡಿದರು. ರಶ್ಮಿಕಾ ಹೆಸರಿನ ಅಭಿಮಾನಿ ಪುಟಕ್ಕೆ ಹಿಂಬಾಲಕರು ಹೆಚ್ಚಲಿ ಅಂತ ಆ ವಿಡಿಯೊ ಮಾಡಿದ್ದ ಎಂದರು ಪೊಲೀಸರು. ದ್ವೇಷವಲ್ಲ, ಅಭಿಮಾನ! ಆದರೆ ಅವನು ಒಪ್ಪಿಗೆ ಕೇಳಬೇಕಾಗಿದ್ದವರು ಇಬ್ಬರು. ನಾವೆಲ್ಲ ಒಬ್ಬರ ಬಗ್ಗೆಯೇ ಮಾತಾಡಿದೆವು. ತಮ್ಮ ಮೈಯನ್ನು ಬೇರೆಯವರ ಮುಖಕ್ಕೆ ಕೊಡಬೇಕಾಗಿ ಬಂದ ಝಾರಾ ಬಹುತೇಕರಿಗೆ ನೆನಪಿಗೇ ಬರಲಿಲ್ಲ.

ಒಪ್ಪಿಗೆಯ ಈ ಪ್ರಶ್ನೆ ನಟಿಯರದು ಮಾತ್ರವಲ್ಲ. ಈಗ ತಿಪಟೂರಿನ ಕಡೆಯ ಒಂದು ಕೊಬ್ಬರಿ ಅಂಗಡಿ ಅಂದುಕೊಳ್ಳಿ. ಕಾಯಿ ಸುಲಿಯುವ ಅಜ್ಜಿಯ ಫೋಟೊವೊಂದನ್ನು ಮಾಲೀಕರು ಹಿಂದೆ ತೆಗೆದಿದ್ದರು. "ತೆಕ್ಕಳಪ್ಪ" ಅಂತ ಆಕೆಯೇ ಒಪ್ಪಿದ್ದರು. ಈ ಸಲ ಹಬ್ಬದ ಜಾಹೀರಾತಿಗೆ ಅದನ್ನೇ ಎಐ ತಂತ್ರಾಂಶಕ್ಕೆ ಮಾದರಿಯಾಗಿ ಕೊಟ್ಟರೆ? ತಂತ್ರಾಂಶ ಹಳೆಯ ಫೋಟೊವನ್ನು ಕತ್ತರಿಸಿ ಅಂಟಿಸುವುದಿಲ್ಲ. ಕಣ್ಣು, ಮೂಗು, ದವಡೆಯ ಲಕ್ಷಣಗಳನ್ನು ಅಂಕಿಗಳ ಸಾಲಾಗಿ ಹಿಡಿದುಕೊಂಡು, ಆ ಫೋಟೊದಲ್ಲಿ ಇಲ್ಲದ್ದನ್ನೆಲ್ಲ ಬರೆಯುತ್ತದೆ. ಅಜ್ಜಿ ಉಡದ ರೇಷ್ಮೆ ಸೀರೆ, ನಗದ ನಗು, ಎಂದೂ ತಿನ್ನದ ಯಾವುದೋ ಕಂಪನಿಯ ಮಿಠಾಯಿ. ಅವತ್ತು ಅಜ್ಜಿ ಒಪ್ಪಿದ್ದು ತಾನು ಕಾಯಿ ಸುಲಿಯುತ್ತಿದ್ದ ಆ ಒಂದು ಗಳಿಗೆಗೆ. ನಾಳೆ ಬರುವ ನೂರು ಚಿತ್ರಗಳಿಗಲ್ಲ. ಫೋಟೊ ತೆಗೆದವರಿಗೆ ಅದರ ಮೇಲೆ ಕೃತಿಸ್ವಾಮ್ಯ ಇರಬಹುದು, ಆದರೆ ಅಜ್ಜಿಯ ಒಪ್ಪಿಗೆ ಅದರೊಳಗೆ ಸೇರಿಲ್ಲ.

ಆಮೇಲೆ ಕೇಳಿದರಾಯಿತು ಅನ್ನುವ ಹಾಗಿಲ್ಲ. ಹತ್ತಿಪ್ಪತ್ತು ಫೋಟೊ ಕೊಟ್ಟು ಒಬ್ಬರ ಮುಖವನ್ನು ತಂತ್ರಾಂಶಕ್ಕೆ ಕಲಿಸಿದರೆ ಒಂದು ಸಣ್ಣ ಕಡತ ತಯಾರಾಗುತ್ತದೆ. ಫೋಟೊಗಳನ್ನೆಲ್ಲ ಅಳಿಸಿದರೂ ಅದರಲ್ಲಿ ಆ ಮುಖ ಉಳಿದೇ ಇರುತ್ತದೆ. ಬೇರೆಯವರಿಗೆ ಕಳಿಸಿದ ಮೇಲಂತೂ ವಾಪಸು ಪಡೆಯುವ ದಾರಿಯಿಲ್ಲ.

ಹಾಗಾದರೆ ಕೇಳುವುದು ಹೇಗೆ? "ನಿಮ್ಮ ಫೋಟೊ ಬಳಸಲಾ" ಅಂದರೆ ಸಾಲದು. ಇದನ್ನು ಕಂಪ್ಯೂಟರಿಗೆ ಕೊಟ್ಟು ನಿಮ್ಮಂತೆಯೇ ಕಾಣುವ ಹೊಸ ಚಿತ್ರ ಮಾಡಿಸುತ್ತೇವೆ, ಇಂಥ ಜಾಹೀರಾತಿಗೆ, ಇಷ್ಟು ದಿನಕ್ಕೆ ಅಂತ ಬಿಡಿಸಿ ಹೇಳಬೇಕು. ಬಂದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ನಮ್ಮಲ್ಲಿ ಕೂಲಿ ಕೊಡುವವರು ಕೇಳಿದರೆ ಬೇಡ ಅನ್ನಲು ಎಷ್ಟೋ ಜನ ಹಿಂಜರಿಯುತ್ತಾರೆ. ಅದಕ್ಕೇ ಮನೆಗೆ ಹೋಗಿ ಮಕ್ಕಳ ಹತ್ತಿರ ಮಾತಾಡಿ ಬರಲು ಅವರಿಗೆ ಒಂದೆರಡು ದಿನ ಬಿಡಿ.

ನಿಮ್ಮ ಮುಖವನ್ನೇ ಯಾರಾದರೂ ಹೀಗೆ ಕೆಟ್ಟದ್ದಕ್ಕೆ ಬಳಸಿದ್ದರೆ ಆ ಚಿತ್ರದ ಸ್ಕ್ರೀನ್‌ಶಾಟ್ ಮತ್ತು ಕೊಂಡಿಯನ್ನು ಮೊದಲು ಉಳಿಸಿಟ್ಟುಕೊಳ್ಳಿ. ಆಮೇಲೆ cybercrime.gov.in ತಾಣದಲ್ಲೋ ಹತ್ತಿರದ ಪೊಲೀಸ್ ಠಾಣೆಯಲ್ಲೋ ದೂರು ಕೊಡಿ.